ಕಡಲೆಬೀಜಕ್ಕೂ ಮೊದಲು ಆಮ್ಲ ಸುಡಬೇಕು

ಕಡಲೆಬೀಜದ ಪೊಟ್ಟಣದ ಮೇಲೆ 100 ಗ್ರಾಂಗೆ ಸುಮಾರು 570 ಕಿಲೋಕ್ಯಾಲೊರಿ ಎಂದಿರುತ್ತದೆ. ಅದೇ ಬೀಜವನ್ನು ಪ್ರಯೋಗಾಲಯದಲ್ಲಿ ಸುಟ್ಟು ಅಳೆದರೆ ಇದಕ್ಕಿಂತ ಹೆಚ್ಚು ಬರುತ್ತದೆ.

ಸುಡುವ ಪಾತ್ರೆಗೆ ಬಾಂಬ್ ಎಂದು ಹೆಸರು. ದಪ್ಪ ಉಕ್ಕಿನದು, ಒಳಗೆ ಸುಮಾರು 30 ಪಟ್ಟು ವಾಯುಭಾರದ ಒತ್ತಡದಲ್ಲಿ ಆಮ್ಲಜನಕ ತುಂಬಿರುತ್ತಾರೆ. ಅದನ್ನು ಎರಡು ಲೀಟರ್ ನೀರಿನಲ್ಲಿ ಮುಳುಗಿಸಿ, ಒಳಗಿನ ತೆಳು ತಂತಿಗೆ ವಿದ್ಯುತ್ ಹರಿಸಿದರೆ ಮಾದರಿ ಉರಿದುಹೋಗುತ್ತದೆ. ನೀರು ಎಷ್ಟು ಬಿಸಿಯಾಯಿತು ಎಂಬುದಷ್ಟೇ ನಮಗೆ ಕಾಣುವುದು.

ಆದರೆ ಬಿಸಿಯಾಗುವುದು ನೀರೊಂದೇ ಅಲ್ಲ. ಎರಡು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 8.4 ಕಿಲೋಜೂಲ್ ಸಾಕು. ಉಕ್ಕು, ಬಕೆಟ್, ಕಲಕುವ ಕಡ್ಡಿ ಇವೂ ತಮ್ಮ ಪಾಲು ಹೀರಿಕೊಳ್ಳುತ್ತವೆ. ಒಂದೊಂದನ್ನೂ ತೂಗಿ ಲೆಕ್ಕ ಹಾಕುವ ಬದಲು, ಎಷ್ಟು ಶಾಖ ಕೊಡುತ್ತದೆಂದು ಖಚಿತವಾಗಿ ಗೊತ್ತಿರುವ ವಸ್ತುವನ್ನೇ ಮೊದಲು ಸುಡುತ್ತಾರೆ. ಅದೇ ಬೆಂಜೋಯಿಕ್ ಆಮ್ಲ. ಶುದ್ಧವಾಗಿ ಸಿಗುತ್ತದೆ, ಗಾಳಿಯ ತೇವ ಎಳೆದುಕೊಳ್ಳುವುದಿಲ್ಲ, ಒತ್ತಿದರೆ ಗಟ್ಟಿ ಗುಳಿಗೆಯಾಗುತ್ತದೆ. ಒಂದು ಗ್ರಾಂ ಉರಿದರೆ 26.43 ಕಿಲೋಜೂಲ್.

ಲೆಕ್ಕಕ್ಕೆಂದು ಒಂದು ಉದಾಹರಣೆ: ಒಂದು ಗ್ರಾಂ ಗುಳಿಗೆ ಉರಿದು ನೀರು 2.60 ಡಿಗ್ರಿ ಏರಿತು ಎನ್ನೋಣ. ಉರಿದ ತಂತಿಯೂ 0.08 ಕಿಲೋಜೂಲ್ ಕೊಟ್ಟಿದೆ. ಒಟ್ಟು 26.51ನ್ನು 2.60ರಿಂದ ಭಾಗಿಸಿದರೆ ಡಿಗ್ರಿಗೆ 10.2 ಕಿಲೋಜೂಲ್. ಇದು ಇಡೀ ಉಪಕರಣದ ಶಾಖಧಾರಕತೆ. ನೀರಿನ ಪಾಲು ಕಳೆದರೆ ಉಳಿಯುವ 1.8 ಉಕ್ಕು ಮತ್ತಿತರ ಭಾಗಗಳದ್ದು.

ಈಗ ಕಡಲೆಬೀಜದ ಸರದಿ. 0.60 ಗ್ರಾಂ ಪುಡಿ ಉರಿದು ನೀರು 1.64 ಡಿಗ್ರಿ ಏರಿದರೆ, 10.2ರಿಂದ ಗುಣಿಸಿದಾಗ 16.73 ಕಿಲೋಜೂಲ್. ತಂತಿಯದ್ದನ್ನು ಕಳೆದು ತೂಕದಿಂದ ಭಾಗಿಸಿದರೆ ಗ್ರಾಂಗೆ 27.75 ಕಿಲೋಜೂಲ್, ಅಂದರೆ 6.6 ಕಿಲೋಕ್ಯಾಲೊರಿ.

ಈ ಲೆಕ್ಕ ನಿಲ್ಲಬೇಕಾದರೆ ಎರಡೂ ಸಲ ನೀರು ಒಂದೇ ತೂಕ ಇರಬೇಕು. ಅದಕ್ಕೇ ಅಳತೆ ಜಾಡಿ ಬಿಟ್ಟು ತಕ್ಕಡಿ ಬಳಸುವುದು ಒಳ್ಳೆಯದು. ಬಾಂಬ್ ತೆರೆದಾಗ ಮಸಿ ಕಂಡರೆ ಮಾದರಿ ಪೂರ್ತಿ ಉರಿದಿಲ್ಲ ಎಂದೇ ಅರ್ಥ. ಆ ಅಂಕಿಯನ್ನು ತಿದ್ದಲು ಹೋಗದೆ ಕೈಬಿಡಬೇಕು. ಬೀಜದಲ್ಲಿ ತೇವ ಉಳಿದಿದ್ದರೆ ಅದು ತೂಕಕ್ಕೆ ಸೇರುತ್ತದೆ, ಶಾಖ ಕೊಡುವುದಿಲ್ಲ. ಹಾಗಾಗಿ ಒಣಗಿಸಿದ್ದೋ ಇಲ್ಲವೋ ಎಂಬುದನ್ನು ಫಲಿತಾಂಶದ ಜೊತೆಗೇ ಬರೆಯುತ್ತಾರೆ.

ಪೊಟ್ಟಣದ ಅಂಕಿ ಕಡಿಮೆ ಇರುವುದಕ್ಕೆ ಕಾರಣ ನಮ್ಮ ದೇಹ. ಬಾಂಬ್ ನಾರನ್ನೂ ಸುಡುತ್ತದೆ. ನಮ್ಮ ಕರುಳು ಅದರ ಬಹುಪಾಲನ್ನು ಹಾಗೇ ಹೊರಹಾಕುತ್ತದೆ. ಪ್ರೋಟೀನ್ ಬಾಂಬಿನಲ್ಲಿ ಗ್ರಾಂಗೆ ಸುಮಾರು 5.65 ಕಿಲೋಕ್ಯಾಲೊರಿ ಕೊಟ್ಟರೆ, ಪೊಟ್ಟಣದ ಲೆಕ್ಕದಲ್ಲಿ 4 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಯೂರಿಯಾ ರೂಪದಲ್ಲಿ ಮೂತ್ರದ ಮೂಲಕ ಹೋಗುತ್ತದೆ, ಸ್ವಲ್ಪ ಜೀರ್ಣವಾಗದೆ ಮಲದಲ್ಲಿ ಹೋಗುತ್ತದೆ.