ಮಳೆ ‘ಕೈಕೊಟ್ಟಿತು’ ಅಂದರೆ ನೆರವಾಯಿತು ಅಂತಲ್ಲ: ಯಂತ್ರಾನುವಾದದ ಬಗ್ಗೆ ಐದು ತಪ್ಪು ಕಲ್ಪನೆಗಳು

ರೈತರ ಸಂದರ್ಶನ, ಹಿರಿಯರ ನೆನಪು, ಗ್ರಾಮಸಭೆಯ ಮಾತು, ಇವನ್ನೆಲ್ಲ ಧ್ವನಿಮುದ್ರಿಸಿಕೊಂಡು ಇಂಗ್ಲಿಷ್ ವರದಿ ಮಾಡುವ ಕೆಲಸಕ್ಕೆ ಈಗ ತಂತ್ರಾಂಶಗಳ ನೆರವಿದೆ. ಸಾಮಾನ್ಯವಾಗಿ ಇದು ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಧ್ವನಿ ಕನ್ನಡ ಅಕ್ಷರಕ್ಕೆ ಇಳಿಯುತ್ತದೆ, ಬಳಿಕ ಆ ಅಕ್ಷರ ಇಂಗ್ಲಿಷಾಗುತ್ತದೆ. ಮೊದಲ ಹಂತದಲ್ಲಿ ತಪ್ಪಿದ್ದನ್ನು ಎರಡನೆಯ ಹಂತ ತಿದ್ದುವುದು ಅಪರೂಪ. ಹೆಚ್ಚಿನ ಸಲ ಅದನ್ನು ಅಂದವಾಗಿ ಮುಚ್ಚಿಬಿಡುತ್ತದೆ.

ಉದಾಹರಣೆಗಾಗಿ ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಆಡಬಹುದಾದ ಮಾತೊಂದನ್ನು ಇಟ್ಟುಕೊಳ್ಳೋಣ: “ನಮ್ದು ಎರಡೆಕ್ರೆ ಇಪ್ಪತ್ತು ಗುಂಟೆ ತೋಟ. ಹೋದ್ವರ್ಷ ಮಳೆ ಕೈಕೊಡ್ತು. ಹತ್ತನ್ನೆರಡು ಕ್ವಿಂಟಾಲ್ ಅಡಿಕೆ ಸಿಕ್ತು ಅಷ್ಟೆ. ಸಾಗರದಲ್ಲಿ ಮಾರಿದ್ವಿ. ಸೊಸೈಟಿ ಸಾಲ ಒಂದೂವರೆ ಲಕ್ಷ ಹಾಗೇ ಉಳೀತು. ಅದೇ ವರ್ಷ ಅಪ್ಪ ಹೋಗ್ಬಿಟ್ರು.” ಕೇಳಿದ ಕನ್ನಡಿಗರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಇಂಗ್ಲಿಷಿಗೆ ಹೋಗುವಾಗ ಮಾತ್ರ ಪ್ರತಿ ವಾಕ್ಯದಲ್ಲೂ ಎಡವಲು ಜಾಗವಿದೆ.

ತಪ್ಪು ಕಲ್ಪನೆ 1: ಇಂಗ್ಲಿಷ್ ಸರಾಗವಾಗಿ ಓದಿಸಿಕೊಂಡರೆ ಅನುವಾದ ಸರಿಯಾಗಿದೆ ಎಂದರ್ಥ.

ಸತ್ಯ: ಓಟ ಬೇರೆ, ಅರ್ಥ ಬೇರೆ. ನಗು ತರಿಸುವ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ‘ಹೊಟ್ಟೆಗೆ ಹಾಕ್ಕೊಳ್ಳಿ’ ಎಂದು ಕ್ಷಮೆ ಕೇಳಿದ್ದು ಊಟದ ಮಾತಾಗಿ ಬಂದರೆ ಓದುವವರು ತಕ್ಷಣ ನಿಲ್ಲುತ್ತಾರೆ. ಅಪಾಯ ಇರುವುದು ಸಹಜವಾಗಿ ಕಾಣುವ ತಪ್ಪಿನಲ್ಲಿ. ‘ಮಳೆ ಕೈಕೊಡ್ತು’ ಎಂಬುದು ಪದಕ್ಕೆ ಪದವಾಗಿ ದಾಟಿದರೆ ಮಳೆ ನೆರವಾಯಿತು ಎಂಬ ಅರ್ಥ ಹೊರಡುತ್ತದೆ, ಅಂದರೆ ರೈತ ಹೇಳಿದ್ದಕ್ಕೆ ಪೂರ್ತಿ ವಿರುದ್ಧ. ‘ಅಪ್ಪ ಹೋಗ್ಬಿಟ್ರು’ ಎಂಬುದು ತಂದೆ ಮನೆ ಬಿಟ್ಟು ಹೋದರು ಎಂದಾಗಬಹುದು. ವ್ಯಾಕರಣ ಸರಿ, ವಾಕ್ಯ ಸರಿ, ಸುದ್ದಿ ಮಾತ್ರ ಸುಳ್ಳು. ಕನ್ನಡ ಕೇಳದೆ ಇಂಗ್ಲಿಷ್ ಮಾತ್ರ ಓದುವವರಿಗೆ ಇದು ಸಿಗುವುದೇ ಇಲ್ಲ. ಆದ್ದರಿಂದ ನುಡಿಗಟ್ಟುಗಳನ್ನು ಕನ್ನಡ ಪಠ್ಯದಲ್ಲೇ ಹುಡುಕಬೇಕು. ಕೈ, ಕಣ್ಣು, ಬಾಯಿ, ತಲೆ, ಹೊಟ್ಟೆ, ಹಾಗೆಯೇ ಹೋಗು, ತೀರು ಎಂಬ ಪದಗಳು ಬಂದಲ್ಲೆಲ್ಲ ನಿಂತು ನೋಡಿದರೆ ಹಲವು ತಪ್ಪುಗಳು ಅಲ್ಲೇ ಸಿಗುತ್ತವೆ.

ತಪ್ಪು ಕಲ್ಪನೆ 2: ಅಂಕಿಗೆ ಭಾಷೆ ಇಲ್ಲ, ಅದರಲ್ಲಿ ತಪ್ಪಾಗದು.

ಸತ್ಯ: ಬರೆದ ಅಂಕಿಗೆ ಈ ಮಾತು ಸ್ವಲ್ಪಮಟ್ಟಿಗೆ ಒಪ್ಪುತ್ತದೆ, ಆಡಿದ ಅಂಕಿಗೆ ಒಪ್ಪುವುದಿಲ್ಲ. ‘ಹತ್ತನ್ನೆರಡು’ ಎಂದರೆ ಹತ್ತರಿಂದ ಹನ್ನೆರಡು. ಅದು 1012 ಅಲ್ಲ, 22 ಕೂಡ ಅಲ್ಲ. ‘ನಾಲ್ಕೈದು’ 45 ಅಲ್ಲ. ಇವು ಅಂದಾಜಿನ ಮಾತುಗಳು. ಇಂಗ್ಲಿಷಿನಲ್ಲೂ ಅಂದಾಜಾಗಿಯೇ ಉಳಿಯಬೇಕು, ಖಚಿತ ಲೆಕ್ಕದ ವೇಷ ತೊಡಬಾರದು.

‘ಒಂದೂವರೆ ಲಕ್ಷ’ದಲ್ಲಿ ‘ಊವರೆ’ ಕೇಳಿಸದೆ ಹೋದರೆ ಸಾಲದಲ್ಲಿ 50,000 ರೂಪಾಯಿ ಮಾಯ. ಲಕ್ಷವನ್ನು ಮಿಲಿಯನ್ನಿಗೆ ತಿರುಗಿಸುವಾಗ ಎಡವಿದರೆ ಸಾಲ ಹತ್ತುಪಟ್ಟು ಬೆಳೆದು 15 ಲಕ್ಷವಾಗುತ್ತದೆ. ಹೊರದೇಶದ ಓದುಗರಿಗೆ ಬರೆಯುವಾಗ 1,50,000 ಎಂಬುದನ್ನು 150,000 ಎಂದು ಬರೆಯಬೇಕು. ಅಲ್ಪವಿರಾಮ ಜಾಗ ಬದಲಿಸುತ್ತದೆ, ಮೊತ್ತ ಬದಲಾಗಬಾರದು.

ಎಲ್ಲಕ್ಕಿಂತ ನಾಜೂಕಾದದ್ದು ಜಮೀನಿನ ಲೆಕ್ಕ. ಎಕರೆಗೆ 40 ಗುಂಟೆ. ಪಹಣಿಯಲ್ಲಿ ಎಕರೆ ಮತ್ತು ಗುಂಟೆಯ ನಡುವೆ ಚುಕ್ಕಿ ಇಟ್ಟು 2.20 ಎಂಬಂತೆ ಬರೆಯುತ್ತಾರೆ, ಅದು ದಶಮಾಂಶದ ಚುಕ್ಕಿ ಅಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ ಎರಡೂವರೆ ಎಕರೆ. ಇಂಗ್ಲಿಷಿನಲ್ಲಿ 2.20 ಎಕರೆ ಎಂದು ಬಂದರೆ ಅದು ಎರಡು ಎಕರೆ ಎಂಟು ಗುಂಟೆ ಮಾತ್ರ. ಹನ್ನೆರಡು ಗುಂಟೆ ತೋಟ ಕಾಗದದ ಮೇಲೆ ಕಳೆದುಹೋಯಿತು. ಎಕರೆ, ಗುಂಟೆ ಎರಡನ್ನೂ ಹಾಗೇ ಉಳಿಸಿ, ಪಕ್ಕದಲ್ಲಿ 2.5 ಎಕರೆ ಎಂದು ಬಿಡಿಸಿ ಬರೆಯುವುದು ಸುರಕ್ಷಿತ.

ತಪ್ಪು ಕಲ್ಪನೆ 3: ಹೆಸರುಗಳಿಗೆ ಅನುವಾದ ಬೇಕಿಲ್ಲ, ಆದ್ದರಿಂದ ಅವು ಕೆಡುವುದಿಲ್ಲ.

ಸತ್ಯ: ಯಾವುದು ಹೆಸರು ಎಂದು ಮೊದಲು ಗೊತ್ತಾಗಬೇಕಲ್ಲ! ಇಂಗ್ಲಿಷಿನಲ್ಲಿರುವ ದೊಡ್ಡಕ್ಷರ ಕನ್ನಡದಲ್ಲಿಲ್ಲ, ಜೊತೆಗೆ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ. ‘ಸಾಗರದಲ್ಲಿ ಮಾರಿದ್ವಿ’ ಎಂಬುದು ಸಮುದ್ರದಲ್ಲಿ ಅಡಿಕೆ ಮಾರಿದಂತೆ ಆಗಬಹುದು. ಬಾದಾಮಿ ಊರೂ ಹೌದು, ತಿನ್ನುವ ಬೀಜವೂ ಹೌದು. ಮಂಜು ಎಂಬ ಹುಡುಗ ಬೆಳಗಿನ ಮಂಜಾಗಬಹುದು. ಹಳೇ ಮೈಸೂರು ಕಡೆಯ ಮಾತಿನಲ್ಲಿ ಹಕಾರ ಬಿದ್ದು ‘ಆಸನ’ ಎಂದು ಕೇಳಿದ್ದು ಹಾಸನವೋ ಕೂರುವ ಆಸನವೋ ಎಂದು ಸಂದರ್ಭವೇ ಹೇಳಬೇಕು.

ಕಾಲವನ್ನೂ ನೋಡಬೇಕು. 2014ರ ನವೆಂಬರ್ 1ರಿಂದ ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಗಿ Mysore ಊರು Mysuru ಆಯಿತು, ಆದರೆ ವಿಶ್ವವಿದ್ಯಾಲಯ ಇಂದಿಗೂ University of Mysore. ಹಿರಿಯರೊಬ್ಬರು 1965ರ ‘ಮೈಸೂರು ರಾಜ್ಯ’ದ ಕಥೆ ಹೇಳಿದರೆ ಅದನ್ನು ಕರ್ನಾಟಕ ಎಂದು ತಿದ್ದುವ ಹಾಗಿಲ್ಲ, ಆ ಹೆಸರು ಬಂದದ್ದು 1973ರಲ್ಲಿ. ವ್ಯಕ್ತಿಯ ಹೆಸರಿಗಂತೂ ಅವರು ಸಹಿ ಮಾಡುವ ಕಾಗುಣಿತವೇ ಪ್ರಮಾಣ. ಧ್ವನಿಮುದ್ರಣ ಮುಗಿದ ಕೂಡಲೇ ಅವರಿಂದಲೇ ಬರೆಸಿಕೊಳ್ಳಿ. ಹೊಸಹಳ್ಳಿಯಂಥ ಹೆಸರು ಹತ್ತಾರು ಕಡೆ ಇರುವುದರಿಂದ ಊರಿನ ಜೊತೆ ಹೋಬಳಿ, ತಾಲ್ಲೂಕು ಕೂಡ ಕೇಳಿ.

ತಪ್ಪು ಕಲ್ಪನೆ 4: ಇಂಗ್ಲಿಷನ್ನು ತಿರುಗಿ ಕನ್ನಡಕ್ಕೆ ತಂದು ನೋಡಿದರೆ ತಪ್ಪು ಗೊತ್ತಾಗುತ್ತದೆ.

ಸತ್ಯ: ಕೆಲವು ತಪ್ಪುಗಳು ಗೊತ್ತಾಗುತ್ತವೆ, ಆದರೆ ಅಕ್ಷರಶಃ ಅನುವಾದದ ತಪ್ಪನ್ನು ಈ ವಿಧಾನ ಸರಿ ಎಂದು ಮುದ್ರೆ ಒತ್ತಿಬಿಡಬಹುದು. ಮಳೆ ಕೈಯನ್ನು ಕೊಟ್ಟಿತು ಎಂಬ ಇಂಗ್ಲಿಷ್ ವಾಕ್ಯ ತಿರುಗಿ ಬರುವಾಗ ‘ಮಳೆ ಕೈಕೊಟ್ಟಿತು’ ಎಂದೇ ಬರಬಹುದು. ಮೂಲಕ್ಕೆ ಹೊಂದಿತು ಎಂದು ನಾವು ಸಮಾಧಾನಪಡುತ್ತೇವೆ, ಇಂಗ್ಲಿಷ್ ಓದುಗರಿಗೆ ಹೋದ ಅರ್ಥ ಮಾತ್ರ ತಿರುಗುಮುರುಗಾಗಿಯೇ ಉಳಿದಿರುತ್ತದೆ. 2.20 ಎಕರೆಯೂ ಹಾಗೆಯೇ ಹೋಗಿ ಹಾಗೆಯೇ ಬರುತ್ತದೆ. ಇನ್ನು ಧ್ವನಿಯಿಂದ ಅಕ್ಷರಕ್ಕೆ ಇಳಿಯುವಾಗಲೇ ಆದ ತಪ್ಪು ಈ ಸುತ್ತಿನೊಳಗೆ ಬರುವುದೇ ಇಲ್ಲ.

ತಪ್ಪು ಕಲ್ಪನೆ 5: ಪರಿಶೀಲನೆ ಅಂದರೆ ಇಂಗ್ಲಿಷ್ ಪ್ರತಿಯನ್ನು ಓದಿ ತಿದ್ದುವುದು.

ಸತ್ಯ: ಇಂಗ್ಲಿಷನ್ನು ಮೊದಲು ಓದಿದರೆ ಕಿವಿ ಅದನ್ನೇ ಕೇಳಲು ಶುರುಮಾಡುತ್ತದೆ. ಕ್ರಮವನ್ನು ಬದಲಿಸಿ. ಅನುವಾದ ತೆರೆಯುವ ಮೊದಲು ಧ್ವನಿಯನ್ನು ಒಮ್ಮೆ ಕೇಳಿ, ಹಾಳೆಯಲ್ಲಿ ಮೂರು ಸಾಲು ಮಾಡಿಕೊಳ್ಳಿ: ಹೆಸರು, ಅಂಕಿ, ನುಡಿಗಟ್ಟು. ಪ್ರತಿಯೊಂದರ ಎದುರು ಧ್ವನಿಯ ನಿಮಿಷ, ಸೆಕೆಂಡು ಬರೆಯಿರಿ. ಅಂಕಿಯ ಜೊತೆ ಅದರ ಅಳತೆಯೂ ಇರಲಿ, ಎಕರೆಯೋ ಗುಂಟೆಯೋ ಕ್ವಿಂಟಾಲೋ ಎಂದು. ನುಡಿಗಟ್ಟಿನ ಎದುರು ಅದರ ಅರ್ಥವನ್ನು ನೇರ ಮಾತಿನಲ್ಲಿ ಬರೆಯಿರಿ: ಮಳೆ ಬರಲಿಲ್ಲ, ಅಪ್ಪ ತೀರಿಕೊಂಡರು. ಆಮೇಲೆ ಇಂಗ್ಲಿಷ್ ತೆರೆದು ಒಂದೊಂದನ್ನೇ ಹೊಂದಿಸಿ. ಹಾಳೆಯಲ್ಲಿದ್ದು ಇಂಗ್ಲಿಷಿನಲ್ಲಿ ಇಲ್ಲದ್ದು ಬಿಟ್ಟುಹೋದದ್ದು, ಇಂಗ್ಲಿಷಿನಲ್ಲಿದ್ದು ಹಾಳೆಯಲ್ಲಿ ಇಲ್ಲದ್ದು ಸೇರಿಕೊಂಡದ್ದು. ಎರಡಕ್ಕೂ ಆ ನಿಮಿಷಕ್ಕೆ ಹೋಗಿ ಮತ್ತೆ ಕೇಳಬೇಕು. ಕೇಳಿದರೂ ತಿಳಿಯದ ಹೆಸರನ್ನು ಊಹಿಸಿ ತುಂಬಬೇಡಿ, ಅಸ್ಪಷ್ಟ ಎಂದು ಗುರುತು ಹಾಕಿ ಮಾತಾಡಿದವರನ್ನೇ ಕೇಳಿ.

ಯಂತ್ರ ಕೊಟ್ಟದ್ದು ಕರಡು ಪ್ರತಿ. ಹೆಸರು, ಅಂಕಿ, ನುಡಿಗಟ್ಟು ಮೂರನ್ನೂ ಧ್ವನಿಯೊಂದಿಗೆ ತಾಳೆ ನೋಡುವವರೆಗೆ ಅದನ್ನು ಆ ರೈತನ ಹೇಳಿಕೆ ಎಂದು ಯಾರಿಗೂ ಕಳಿಸಬೇಡಿ.