ಪಂಪ್‌ಹೌಸಿಗೆ ಬೆಂಕಿ ಆರಿಸುವ ಸಿಲಿಂಡರ್: ನೀಲಿ ಪಟ್ಟಿ ನೋಡಿದರಷ್ಟೇ ಸಾಲದು

ಗುಂಡ್ಲುಪೇಟೆ ಕಡೆ ಬಾಳೆ, ಅರಿಶಿನ ಬೆಳೆಯೋರ ಪಂಪ್‌ಹೌಸ್ ಒಳಗೆ ಬರೀ ಸ್ಟಾರ್ಟರ್ ಪೆಟ್ಟಿಗೆ ಇರಲ್ಲ. ಮೂಲೆಯಲ್ಲಿ ಟಿಲ್ಲರಿನ ಡೀಸೆಲ್ ಕ್ಯಾನ್, ಅದರ ಪಕ್ಕ ಖಾಲಿ ಗೋಣಿಚೀಲ, ಡ್ರಿಪ್ ಪೈಪಿನ ಸುರುಳಿ. ಸ್ಟಾರ್ಟರ್‌ನಲ್ಲಿ ಕಿಡಿ ಎದ್ದರೆ ಕರೆಂಟು, ಎಣ್ಣೆ, ನಾರು ಮೂರನ್ನೂ ಒಂದೇ ಸಿಲಿಂಡರ್ ನಿಭಾಯಿಸಬೇಕು.

ಸಿಲಿಂಡರಿನ ಮೈ ಸಾಮಾನ್ಯವಾಗಿ ಕೆಂಪು. ಒಳಗೇನಿದೆ ಅಂತ ಹೇಳೋದು ಅದರ ಮೇಲಿನ ಪಟ್ಟಿ, ಇಲ್ಲವೇ ಲೇಬಲ್ಲಿನ ಬಣ್ಣ. ನೀಲಿ ಅಂದರೆ ಪೌಡರ್, ಕಪ್ಪು ಅಂದರೆ ಕಾರ್ಬನ್ ಡೈಆಕ್ಸೈಡ್, ಕೆನೆಬಣ್ಣ ಅಂದರೆ ಫೋಮ್. ಪೂರ್ತಿ ಕೆಂಪಗಿದ್ದರೆ ಸಾಮಾನ್ಯವಾಗಿ ನೀರು. ಕರೆಂಟಿರುವ ಪೆಟ್ಟಿಗೆ ಮೇಲೆ ನೀರು, ಫೋಮ್ ಎರಡೂ ಬೇಡ.

ಹಾಗಾದರೆ ನೀಲಿ ತಗೊಂಡರೆ ಮುಗೀತಾ? ಇಲ್ಲ. ನೀಲಿಯಲ್ಲೇ ಎರಡು ಪೌಡರ್ ಇವೆ, ಅವನ್ನು ಬೇರೆ ಮಾಡೋದು ಲೇಬಲ್ಲಿನ ಅಕ್ಷರ. ಎ ಅಂದರೆ ಕಟ್ಟಿಗೆ, ಬಟ್ಟೆ, ನಾರಿನ ಬೆಂಕಿ. ಬಿ ಅಂದರೆ ಡೀಸೆಲ್, ಪೆಟ್ರೋಲಿನಂಥ ದ್ರವ. ಸಿ ಅಂದರೆ ಗ್ಯಾಸ್. 'ಬಿಸಿ' ಅಂತ ಮಾತ್ರ ಇದ್ದರೆ ಒಳಗಿರೋದು ಸಾಮಾನ್ಯವಾಗಿ ಸೋಡಿಯಂ ಬೈಕಾರ್ಬೊನೇಟ್, ನಮ್ಮ ಅಡುಗೆ ಸೋಡಾ. ಅದು ಡೀಸೆಲ್ ಜ್ವಾಲೆ ಆರಿಸುತ್ತೆ, ಆದರೆ ಗೋಣಿಚೀಲದ ಒಳಗಿನ ಕೆಂಡ ಹಾಗೇ ಉಳಿದು ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತೆ. 'ಎಬಿಸಿ' ಅಂತ ಇದ್ದರೆ ಮೋನೋ ಅಮೋನಿಯಂ ಫಾಸ್ಫೇಟ್. ಹೌದು, ನಾವು ಡ್ರಿಪ್‌ನಲ್ಲಿ ಬಿಡೋ 12:61:0 ಗೊಬ್ಬರದ ವಸ್ತುವೇ! ಕಾವಿಗೆ ಕರಗಿ ಕೆಂಡದ ಮೇಲೆ ಪದರ ಕಟ್ಟಿ ಗಾಳಿ ತಡೆಯುತ್ತೆ. ಪಂಪ್‌ಹೌಸಿಗೆ ಬೇಕಾಗಿರೋದು ಇದು. 4 ಅಥವಾ 6 ಕೆಜಿಯದು ಸಾಕು.

ಇನ್ನು ಯೂಟ್ಯೂಬ್ ನೋಡೋರು ಎಡವುವ ಜಾಗ. ಅಮೆರಿಕದ ವಿಡಿಯೋಗಳಲ್ಲಿ ಸಿ ಅಂದರೆ ಕರೆಂಟಿನ ಬೆಂಕಿ, ನಮ್ಮಲ್ಲಿ ಸಿ ಅಂದರೆ ಗ್ಯಾಸ್. ಹಾಗಾಗಿ ಸಿ ನೋಡಿ ಸ್ಟಾರ್ಟರ್‌ಗೆ ಆಗುತ್ತೆ ಅಂದ್ಕೋಬೇಡಿ. ಕರೆಂಟಿನ ವಿಷಯ ಲೇಬಲ್ಲಿನಲ್ಲಿ ಬೇರೆ ಸಾಲಾಗಿ ಇರುತ್ತೆ: ಎಷ್ಟು ವೋಲ್ಟ್‌ವರೆಗೆ, ಎಷ್ಟು ದೂರದಿಂದ. ಸಾಮಾನ್ಯವಾಗಿ 1000 ವೋಲ್ಟ್, 1 ಮೀಟರ್ ಅಂತ. ನಮ್ಮ ತ್ರೀಫೇಸ್ 415 ವೋಲ್ಟ್, ಆದ್ದರಿಂದ ಅಡ್ಡಿಯಿಲ್ಲ. ಆದರೂ ಕೈಗೆ ಸಿಗೋ ಹಾಗಿದ್ದರೆ ಮೊದಲು ಮೇನ್ ಇಳಿಸಿ. ಹೊರಗಿನ ಟ್ರಾನ್ಸ್‌ಫಾರ್ಮರ್‌ಗೆ ಬರೋದು 11,000 ವೋಲ್ಟ್. ಅದು ಹೊತ್ತಿದರೆ ಸಿಲಿಂಡರ್ ಹಿಡಿದು ಹತ್ತಿರ ಹೋಗಲೇಬೇಡಿ, 112ಕ್ಕೆ ಫೋನ್ ಮಾಡಿ, ಲೈನ್‌ಮನ್‌ಗೂ ತಿಳಿಸಿ.

ಅಂಗಡಿಯಲ್ಲಿ ಐಎಸ್‌ಐ ಗುರುತಿನ ಜೊತೆ ಐಎಸ್ 15683 ಅನ್ನೋ ಸಂಖ್ಯೆ ಇದೆಯಾ, ಮೀಟರ್ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಒಮ್ಮೆ ಅರ್ಧ ಹೊಡೆದ ಸಿಲಿಂಡರನ್ನು ಹಾಗೇ ನೇತುಹಾಕಬೇಡಿ. ವಾಲ್ವ್‌ನಲ್ಲಿ ಪೌಡರ್ ಸಿಕ್ಕಿ ಒತ್ತಡ ಸೋರಿಹೋಗುತ್ತೆ, ಮತ್ತೆ ತುಂಬಿಸಲೇಬೇಕು. ಸ್ಟಾರ್ಟರ್ ಮೇಲೆ ಬಿದ್ದ ಪೌಡರ್ ತೇವಕ್ಕೆ ತಾಮ್ರದ ಪಾಯಿಂಟ್‌ಗಳನ್ನು ತಿನ್ನುತ್ತೆ. ಎಲೆಕ್ಟ್ರಿಷಿಯನ್ ಕೈಲಿ ಚೊಕ್ಕ ಮಾಡಿಸಿದ ಮೇಲೇ ಮೋಟಾರ್ ಆನ್ ಮಾಡಿ.