ರಿಕರ್ಸಿವ್ ಫಂಕ್ಷನ್‌ನ ಟ್ರೇಸಿಂಗ್

ರಿಕರ್ಸಿವ್ ಫಂಕ್ಷನ್‌ನ ಟ್ರೇಸಿಂಗ್ ಎಂದರೆ ತನ್ನನ್ನು ತಾನೇ ಕರೆಯುವ ಫಂಕ್ಷನ್ ಒಂದನ್ನು ಗಣಕಯಂತ್ರದ ನೆರವಿಲ್ಲದೆ, ಕಾಗದದ ಮೇಲೆ ಹಂತಹಂತವಾಗಿ ನಡೆಸಿ ನೋಡಿ, ಅದರ ಔಟ್‌ಪುಟ್ ಮತ್ತು ಅದು ಹಿಂದಿರುಗಿಸುವ ಮೌಲ್ಯವನ್ನು ಕಂಡುಹಿಡಿಯುವ ವಿಧಾನ. ತರಗತಿಗಳಲ್ಲಿ ಇದನ್ನು ಡ್ರೈ ರನ್ ಎಂದೂ ಕರೆಯುತ್ತಾರೆ. ಭಾರತದ ಗೇಟ್ ಪರೀಕ್ಷೆಯ ಗಣಕ ವಿಜ್ಞಾನ ಪತ್ರಿಕೆಯಲ್ಲಿ ಸಿ ಭಾಷೆಯ ಇಂತಹ ಪ್ರಶ್ನೆಗಳು ಕೇಳಲ್ಪಡುತ್ತವೆ. ಪ್ರಶ್ನೆಯ ಕೋಡ್ ಸಾಮಾನ್ಯವಾಗಿ ಹತ್ತು ಸಾಲುಗಳನ್ನು ಮೀರುವುದಿಲ್ಲ. ಆದರೂ ಉತ್ತರ ತಪ್ಪುವುದಕ್ಕೆ ಮುಖ್ಯ ಕಾರಣ, ಯಾವ ಮೌಲ್ಯ ಯಾವ ಕರೆಗೆ ಸೇರಿದ್ದು ಎಂಬುದನ್ನು ಮರೆಯುವುದು.

## ಕಾಲ್ ಸ್ಟ್ಯಾಕ್ ಮತ್ತು ಫ್ರೇಮ್

ಒಂದು ಫಂಕ್ಷನ್ ಕರೆಯಲ್ಪಟ್ಟಾಗ ಆ ಕರೆಗೆಂದೇ ಮೆಮೊರಿಯಲ್ಲಿ ಒಂದಷ್ಟು ಜಾಗವನ್ನು ಮೀಸಲಿಡಲಾಗುತ್ತದೆ. ಇದನ್ನು ಸ್ಟ್ಯಾಕ್ ಫ್ರೇಮ್ ಎನ್ನುತ್ತಾರೆ. ಆ ಕರೆಗೆ ಬಂದ ಆರ್ಗ್ಯುಮೆಂಟ್‌ಗಳು, ಅದರ ಸ್ಥಳೀಯ ವೇರಿಯಬಲ್‌ಗಳು ಹಾಗೂ ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸ ಈ ಫ್ರೇಮ್‌ಗೆ ಸೇರಿರುತ್ತವೆ. ಹೊಸ ಫ್ರೇಮ್ ಹಿಂದಿನದರ ಮೇಲೆ ಸೇರುತ್ತದೆ. ಕೊನೆಯಲ್ಲಿ ಸೇರಿದ್ದು ಮೊದಲು ತೆಗೆಯಲ್ಪಡುತ್ತದೆ. ಹೀಗೆ ಒಂದರ ಮೇಲೊಂದು ಸೇರಿದ ಫ್ರೇಮ್‌ಗಳ ಸಾಲೇ ಕಾಲ್ ಸ್ಟ್ಯಾಕ್.

ರಿಕರ್ಷನ್‌ನಲ್ಲಿ ಕೋಡ್ ಒಂದೇ, ಆದರೆ ಫ್ರೇಮ್‌ಗಳು ಹಲವು. `n` ಎಂಬ ಹೆಸರು ಕೋಡ್‌ನಲ್ಲಿ ಒಂದೇ ಆಗಿ ಕಂಡರೂ, ನಾಲ್ಕು ಕರೆಗಳು ನಡೆದಿದ್ದರೆ ಮೆಮೊರಿಯಲ್ಲಿ ನಾಲ್ಕು ಬೇರೆ ಬೇರೆ `n` ಇರುತ್ತವೆ. ಒಳಗಿನ ಕರೆಯೊಂದು ಮುಗಿದು ಹೊರಗಿನ ಕರೆಗೆ ಮರಳಿದಾಗ, ಹೊರಗಿನ ಕರೆಯ `n` ಮೊದಲು ಇದ್ದಂತೆಯೇ ಇರುತ್ತದೆ. ಟ್ರೇಸಿಂಗ್‌ನ ಇಡೀ ವಿಧಾನ ಈ ಒಂದು ಸಂಗತಿಯ ಮೇಲೆ ನಿಂತಿದೆ.

## ಉದಾಹರಣೆ

ಕೆಳಗಿನ ಫಂಕ್ಷನ್ ಅನ್ನು `printf("%d", f(12));` ಎಂದು ಕರೆದರೆ ಪರದೆಯ ಮೇಲೆ ಏನು ಮೂಡುತ್ತದೆ ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳಬಹುದು.

```c
int f(int n)
{
    int a;
    if (n <= 1)
        return n;
    printf("%d ", n);
    a = f(n / 2);
    printf("%d ", n % 2);
    return 10 * a + n % 2;
}
```

ಇಲ್ಲಿ `n / 2` ಪೂರ್ಣಾಂಕ ಭಾಗಾಕಾರವಾದ್ದರಿಂದ 3ನ್ನು 2ರಿಂದ ಭಾಗಿಸಿದರೆ 1 ದೊರೆಯುತ್ತದೆ. `n % 2` ಎಂಬುದು 2ರಿಂದ ಭಾಗಿಸಿದಾಗ ಉಳಿಯುವ ಶೇಷ.

### ಇಳಿಯುವ ಹಂತ

`f(12)` ಮೊದಲು 12ನ್ನು ಮುದ್ರಿಸಿ `f(6)`ನ್ನು ಕರೆಯುತ್ತದೆ. ಇಲ್ಲಿ `f(12)` ಮುಗಿದಿಲ್ಲ. `a`ಗೆ ಬೆಲೆ ಬರುವುದನ್ನು ಕಾಯುತ್ತಾ ನಿಂತಿದೆ. `f(6)` ತಾನು 6ನ್ನು ಮುದ್ರಿಸಿ `f(3)`ನ್ನು ಕರೆದು ಕಾಯುತ್ತದೆ. `f(3)` ಹಾಗೆಯೇ 3ನ್ನು ಮುದ್ರಿಸಿ `f(1)`ನ್ನು ಕರೆಯುತ್ತದೆ. `f(1)`ರಲ್ಲಿ ಷರತ್ತು ನಿಜವಾಗುವುದರಿಂದ ಅದು ಏನನ್ನೂ ಮುದ್ರಿಸದೆ 1ನ್ನು ಹಿಂದಿರುಗಿಸುತ್ತದೆ. ಮುಂದಿನ ಕರೆಯಿಲ್ಲದೆ ಉತ್ತರ ಕೊಡುವ ಈ ಸ್ಥಿತಿಯನ್ನು ಬೇಸ್ ಕೇಸ್ ಎನ್ನುತ್ತಾರೆ.

ಈ ಕ್ಷಣದಲ್ಲಿ ಸ್ಟ್ಯಾಕ್ ತನ್ನ ಗರಿಷ್ಠ ಆಳವನ್ನು ಮುಟ್ಟಿರುತ್ತದೆ. ಕೆಳಗಿನಿಂದ ಮೇಲಕ್ಕೆ `main`, `f(12)`, `f(6)`, `f(3)`, `f(1)` ಎಂಬ ಫ್ರೇಮ್‌ಗಳಿರುತ್ತವೆ. ಅಂದರೆ `f`ಗೆ ಸೇರಿದ ಫ್ರೇಮ್‌ಗಳು ನಾಲ್ಕು. ಇಲ್ಲಿಯವರೆಗಿನ ಔಟ್‌ಪುಟ್ `12 6 3`.

### ಮರಳುವ ಹಂತ

ಮರಳುವಾಗ ಪ್ರತಿ ಫ್ರೇಮ್‌ನಲ್ಲಿ ಬಾಕಿ ಉಳಿದ ಕೆಲಸ ನಡೆಯುತ್ತದೆ. ಇಲ್ಲಿ ಬಾಕಿ ಕೆಲಸ ಎರಡು: ಶೇಷವನ್ನು ಮುದ್ರಿಸುವುದು ಮತ್ತು `10 * a + n % 2` ಎಂಬ ಲೆಕ್ಕವನ್ನು ಮಾಡಿ ಹಿಂದಿರುಗಿಸುವುದು. ಆದುದರಿಂದ ಇಳಿಯುವಾಗಲೇ ಪ್ರತಿ ಕರೆಯ ಮುಂದೆ ಅದರ ಬಾಕಿ ಕೆಲಸವನ್ನು ಬರೆದಿಟ್ಟುಕೊಂಡು, ಮರಳುವಾಗ ಕೆಳಗಿನ ಸಾಲಿನಿಂದ ಮೇಲಕ್ಕೆ ಕೋಷ್ಟಕವನ್ನು ತುಂಬಿಸಬೇಕು.

| ಕರೆ | ಇಳಿಯುವಾಗ ಮುದ್ರಣ | ಬಂದ `a` | ಮರಳುವಾಗ ಮುದ್ರಣ | ಹಿಂದಿರುಗಿಸುವ ಮೌಲ್ಯ |
|---|---|---|---|---|
| `f(12)` | 12 | 110 | 0 | 1100 |
| `f(6)` | 6 | 11 | 0 | 110 |
| `f(3)` | 3 | 1 | 1 | 11 |
| `f(1)` | ಇಲ್ಲ | ಇಲ್ಲ | ಇಲ್ಲ | 1 |

ಮುದ್ರಣದ ಎರಡು ಕಂಬಸಾಲುಗಳನ್ನು ಓದುವ ದಿಕ್ಕು ಬೇರೆ ಬೇರೆ. ಇಳಿಯುವಾಗಿನದನ್ನು ಮೇಲಿನಿಂದ ಕೆಳಕ್ಕೆ, ಮರಳುವಾಗಿನದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಹೊರಗಿನ `printf` ತನ್ನ ಆರ್ಗ್ಯುಮೆಂಟ್ ಆದ `f(12)` ಪೂರ್ತಿಯಾಗಿ ಮುಗಿದ ಮೇಲಷ್ಟೇ ಕೆಲಸ ಮಾಡುವುದರಿಂದ 1100 ಕೊನೆಯಲ್ಲಿ ಬರುತ್ತದೆ. ಹೀಗಾಗಿ ಪೂರ್ಣ ಔಟ್‌ಪುಟ್:

```
12 6 3 1 0 0 1100
```

12ರ ದ್ವಿಮಾನ ರೂಪ 1100 ಆಗಿರುವುದು ಉತ್ತರವನ್ನು ಪರೀಕ್ಷಿಸಲು ಅನುಕೂಲ. ಫಂಕ್ಷನ್ ಯಾವ ಗಣಿತದ ಕೆಲಸವನ್ನು ಮಾಡುತ್ತಿದೆ ಎಂಬುದು ಗುರುತು ಹತ್ತಿದರೆ, ಹಿಂದಿರುಗಿಸುವ ಮೌಲ್ಯವನ್ನು ಟ್ರೇಸಿಂಗ್ ಇಲ್ಲದೆಯೇ ತಾಳೆ ನೋಡಬಹುದು. ಮುದ್ರಣದ ಕ್ರಮವನ್ನು ಮಾತ್ರ ಹೀಗೆ ಊಹಿಸಲಾಗುವುದಿಲ್ಲ.

## ಸಾಮಾನ್ಯ ತಪ್ಪುಗಳು

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಆಯ್ಕೆಗಳನ್ನು ಸಾಮಾನ್ಯವಾಗಿ ವಿದ್ಯಾರ್ಥಿಗಳು ಮಾಡಬಹುದಾದ ತಪ್ಪುಗಳಿಂದಲೇ ರಚಿಸಲಾಗುತ್ತದೆ. ಆದ್ದರಿಂದ ತಪ್ಪಾಗಿ ಲೆಕ್ಕ ಹಾಕಿದವರಿಗೂ ತಮ್ಮ ಉತ್ತರ ಆಯ್ಕೆಗಳಲ್ಲಿ ಕಾಣಿಸಬಹುದು. ಮೇಲಿನ ಉದಾಹರಣೆಯಲ್ಲಿ ಮೂರು ತಪ್ಪುಗಳನ್ನು ಉತ್ತರದಿಂದಲೇ ಗುರುತಿಸಬಹುದು.

ಮೊದಲನೆಯದು, ಬೇಸ್ ಕೇಸ್ ತಲುಪಿದೊಡನೆ ಇಡೀ ಲೆಕ್ಕ ಮುಗಿಯಿತೆಂದು ಭಾವಿಸುವುದು. ಹಾಗೆ ಮಾಡಿದವರಿಗೆ `12 6 3 1` ಎಂಬ ಉತ್ತರ ಸಿಗುತ್ತದೆ. `return` ಎಂಬುದು ತಾನಿರುವ ಒಂದು ಕರೆಯನ್ನು ಮಾತ್ರ ಮುಗಿಸುತ್ತದೆಯೇ ಹೊರತು ಕಾಯುತ್ತಿರುವ ಇತರ ಕರೆಗಳನ್ನಲ್ಲ.

ಎರಡನೆಯದು, ಮರಳಿದ ಮೇಲೂ `n` ಎಲ್ಲೆಡೆ 1 ಆಗಿಯೇ ಉಳಿದಿದೆ ಎಂದು ತಿಳಿಯುವುದು. ಆಗ ಮೂರು ಬಾರಿಯೂ ಶೇಷ 1 ಬಂದು `12 6 3 1 1 1 1111` ಎಂಬ ಉತ್ತರ ದೊರೆಯುತ್ತದೆ. ಪ್ರತಿ ಫ್ರೇಮ್‌ಗೂ ತನ್ನದೇ `n` ಇದೆ ಎಂಬುದನ್ನು ಮರೆತದ್ದೇ ಇದಕ್ಕೆ ಕಾರಣ.

ಮೂರನೆಯದು, ಶೇಷಗಳನ್ನು ಇಳಿಯುವ ಕ್ರಮದಲ್ಲೇ ಬರೆಯುವುದು. ಇದರಿಂದ `1 0 0` ಇರಬೇಕಾದಲ್ಲಿ `0 0 1` ಬರುತ್ತದೆ. ಕೆಲವು ಸಂಖ್ಯೆಗಳಲ್ಲಿ ಈ ತಪ್ಪು ಹೊರಗೆ ಕಾಣಿಸುವುದಿಲ್ಲ. 13ನ್ನು ತೆಗೆದುಕೊಂಡರೆ ಎರಡೂ ದಿಕ್ಕಿನಲ್ಲಿ ಶೇಷಗಳು `1 0 1` ಆಗುತ್ತವೆ. ತಪ್ಪು ಕ್ರಮದಿಂದಲೂ ಸರಿಯಾದ ಉತ್ತರ ಬಂದುಬಿಡುತ್ತದೆ. ಆದಕಾರಣ ಅಭ್ಯಾಸಕ್ಕೆ 12ರಂತಹ, ಎರಡು ಕ್ರಮಗಳಿಗೂ ಬೇರೆ ಬೇರೆ ಉತ್ತರ ಕೊಡುವ ಸಂಖ್ಯೆಯನ್ನು ಆರಿಸಿಕೊಳ್ಳುವುದು ಸೂಕ್ತ.

## ಸ್ಟ್ಯಾಟಿಕ್ ವೇರಿಯಬಲ್ ಇದ್ದಾಗ

ಪ್ರತಿ ಫ್ರೇಮ್‌ಗೂ ತನ್ನದೇ ವೇರಿಯಬಲ್ ಎಂಬ ನಿಯಮಕ್ಕೆ ಸಿ ಭಾಷೆಯಲ್ಲಿ ಒಂದು ಮುಖ್ಯ ಅಪವಾದವಿದೆ. `static` ಎಂದು ಘೋಷಿಸಿದ ವೇರಿಯಬಲ್ ಸ್ಟ್ಯಾಕ್‌ನಲ್ಲಿ ಇರುವುದಿಲ್ಲ. ಎಲ್ಲ ಕರೆಗಳಿಗೂ ಅದರ ಪ್ರತಿ ಒಂದೇ, ಹಾಗೂ ಅದಕ್ಕೆ ಆರಂಭಿಕ ಮೌಲ್ಯ ದೊರೆಯುವುದು ಒಂದೇ ಬಾರಿ.

```c
int g(int n)
{
    static int s = 0;
    int a;
    if (n == 0)
        return 0;
    s = s + n;
    a = g(n - 1);
    return a + s;
}
```

`g(3)`ನ್ನು ಕರೆದರೆ ಇಳಿಯುವಾಗ `s` ಕ್ರಮವಾಗಿ 3, 5, 6 ಆಗುತ್ತದೆ. `g(0)` ಸೊನ್ನೆಯನ್ನು ಹಿಂದಿರುಗಿಸಿದ ಮೇಲೆ ಉಳಿದ ಮೂರೂ ಕರೆಗಳು ಓದುವುದು ಒಂದೇ `s`ನ್ನು, ಅಂದರೆ 6ನ್ನು. ಆದುದರಿಂದ `g(1)` 6ನ್ನು, `g(2)` 12ನ್ನು, `g(3)` 18ನ್ನು ಹಿಂದಿರುಗಿಸುತ್ತವೆ. ಪ್ರತಿ ಕರೆಯೂ ತಾನು ಇಳಿಯುವಾಗ ಕಂಡ `s`ನ್ನು ನೆನಪಿಟ್ಟುಕೊಂಡಿದೆ ಎಂದು ಭಾವಿಸಿದರೆ 6, 5, 3 ಕೂಡಿ 14 ಎಂಬ ತಪ್ಪು ಉತ್ತರ ಬರುತ್ತದೆ. `static` ಪದವನ್ನೇ ಗಮನಿಸದಿದ್ದರೆ ಪ್ರತಿ ಕರೆಯಲ್ಲೂ `s` ಸೊನ್ನೆಯಿಂದ ಶುರುವಾಗಿ 6 ಎಂಬ ಉತ್ತರ ಬರುತ್ತದೆ. ಅದೇ ಪ್ರೋಗ್ರಾಂನಲ್ಲಿ `g(3)`ನ್ನು ಎರಡನೆಯ ಬಾರಿ ಕರೆದರೆ `s` 6ರಿಂದಲೇ ಮುಂದುವರಿದು 12 ತಲುಪುವುದರಿಂದ 36 ದೊರೆಯುತ್ತದೆ.

ಇಂತಹ ಪ್ರಶ್ನೆಗಳಲ್ಲಿ `s`ಗೆ ಕೋಷ್ಟಕದ ಹೊರಗೆ ಒಂದೇ ಚೌಕವನ್ನು ಬರೆದು, ಹಳೆಯ ಮೌಲ್ಯವನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತಾ ಹೋದರೆ ಗೊಂದಲ ತಪ್ಪುತ್ತದೆ. ಗ್ಲೋಬಲ್ ವೇರಿಯಬಲ್‌ಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಮೇಲಿನ ಕೋಡ್‌ನ ಕೊನೆಯ ಎರಡು ಸಾಲುಗಳ ಬದಲು `return g(n - 1) + s;` ಎಂದು ಬರೆದಿದ್ದರೆ ಉತ್ತರ ಖಚಿತವಾಗಿರುವುದಿಲ್ಲ. ಕೂಡುವ ಚಿಹ್ನೆಯ ಎರಡು ಬದಿಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಬೇಕೆಂದು ಸಿ ಭಾಷೆಯ ಮಾನಕ ನಿಗದಿಪಡಿಸಿಲ್ಲ. ಜಾವಾ ಮತ್ತು ಪೈಥಾನ್ ಭಾಷೆಗಳಲ್ಲಿ ಎಡಬದಿಯೇ ಮೊದಲು.

## ಎರಡು ಕರೆಗಳಿರುವ ಫಂಕ್ಷನ್

ಫಿಬೊನಾಚಿ ಸಂಖ್ಯೆಗಳ ಫಂಕ್ಷನ್‌ನಂತೆ ಒಂದೇ ಫಂಕ್ಷನ್‌ನೊಳಗೆ ಎರಡು ಕರೆಗಳಿದ್ದರೆ ಕರೆಗಳು ಸಾಲಾಗಿ ಸಾಗದೆ ಮರದಂತೆ ಕವಲೊಡೆಯುತ್ತವೆ.

```c
int fib(int n)
{
    if (n <= 1)
        return n;
    return fib(n - 1) + fib(n - 2);
}
```

`fib(5)`ಗೆ ಉತ್ತರ 5. ಇದನ್ನು ಪಡೆಯಲು ಮೊದಲ ಕರೆಯೂ ಸೇರಿ ಒಟ್ಟು 15 ಕರೆಗಳು ನಡೆಯುತ್ತವೆ. `fib(0)` ಮತ್ತು `fib(1)` ತಲಾ ಒಂದು ಕರೆ. ಅಲ್ಲಿಂದ ಮುಂದಿನ ಪ್ರತಿಯೊಂದಕ್ಕೂ ಅದರ ಹಿಂದಿನ ಎರಡರ ಕರೆಗಳನ್ನು ಕೂಡಿ 1ನ್ನು ಸೇರಿಸಬೇಕು. ಹಾಗಾಗಿ 2ಕ್ಕೆ 3, 3ಕ್ಕೆ 5, 4ಕ್ಕೆ 9, 5ಕ್ಕೆ 15.

ಆದರೆ ಈ ಹದಿನೈದೂ ಫ್ರೇಮ್‌ಗಳು ಏಕಕಾಲದಲ್ಲಿ ಸ್ಟ್ಯಾಕ್‌ನಲ್ಲಿ ಇರುವುದಿಲ್ಲ. ಒಂದು ಕವಲು ಪೂರ್ತಿಯಾಗಿ ಮುಗಿದು ಅದರ ಫ್ರೇಮ್‌ಗಳು ತೆಗೆಯಲ್ಪಟ್ಟ ಮೇಲೆಯೇ ಇನ್ನೊಂದು ಕವಲು ಶುರುವಾಗುತ್ತದೆ. ಅತಿ ಉದ್ದದ ದಾರಿ 5, 4, 3, 2, 1 ಆದ್ದರಿಂದ ಏಕಕಾಲದಲ್ಲಿರುವ `fib` ಫ್ರೇಮ್‌ಗಳು ಹೆಚ್ಚೆಂದರೆ ಐದು. ಒಟ್ಟು ಕರೆಗಳ ಸಂಖ್ಯೆಯನ್ನು ಕೇಳಲಾಗಿದೆಯೋ ಸ್ಟ್ಯಾಕ್‌ನ ಗರಿಷ್ಠ ಆಳವನ್ನು ಕೇಳಲಾಗಿದೆಯೋ ಎಂಬುದನ್ನು ಪ್ರಶ್ನೆಯಲ್ಲಿ ಎಚ್ಚರದಿಂದ ಓದಬೇಕು.

## ಮಿತಿಗಳು

ಟ್ರೇಸಿಂಗ್ ಮುಗಿಯಬೇಕಾದರೆ ಪ್ರತಿ ಕರೆಯೂ ಬೇಸ್ ಕೇಸ್‌ನತ್ತ ಸಾಗಬೇಕು. ಮೇಲಿನ `g` ಫಂಕ್ಷನ್‌ಗೆ -1 ಕೊಟ್ಟರೆ `n` -2, -3 ಎಂದು ಸೊನ್ನೆಯಿಂದ ದೂರವಾಗುತ್ತಾ ಹೋಗುತ್ತದೆ. `n == 0` ಎಂಬ ಷರತ್ತಿನಿಂದ ಅದು ನಿಲ್ಲುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಸ್ಟ್ಯಾಕ್‌ಗೆ ಮೀಸಲಾದ ಜಾಗ ತುಂಬಿ ಪ್ರೋಗ್ರಾಂ ಅರ್ಧದಲ್ಲೇ ನಿಲ್ಲುತ್ತದೆ. ಇದನ್ನು ಸ್ಟ್ಯಾಕ್ ಓವರ್‌ಫ್ಲೋ ಎನ್ನುತ್ತಾರೆ. ಇದೇ `-1` ಅನ್ನು `f`ಗೆ ಕೊಟ್ಟರೆ ಅಲ್ಲಿನ ಷರತ್ತು `n <= 1` ಆದ್ದರಿಂದ ಅದು ಕೂಡಲೇ -1ನ್ನು ಹಿಂದಿರುಗಿಸುತ್ತದೆ. ಆದುದರಿಂದ ಕೋಷ್ಟಕವನ್ನು ಬರೆಯಲು ತೊಡಗುವ ಮುನ್ನ, ಕೊಟ್ಟಿರುವ ಆರ್ಗ್ಯುಮೆಂಟ್‌ನಿಂದ ಬೇಸ್ ಕೇಸ್ ತಲುಪಲು ಸಾಧ್ಯವೇ ಎಂಬುದನ್ನು ಮೊದಲು ಪರೀಕ್ಷಿಸಲಾಗುತ್ತದೆ.